ನಿಮ್ಮ ಸುಮಾ ಮೇಡಂ ಅವರ ರೆಂಡಿಟ್ಟಾ ಎಷ್ಟು? ಬಾಟ್ ತಯಾರಕರಿಗೊಂದು ಬಹಿರಂಗ ಪತ್ರ

ಬೇಸಾಯ, ವಿಮೆ, ಸಾಲ, ಸಬ್ಸಿಡಿ ಎಂದು ದಿನಕ್ಕೊಂದು ಬಾಟ್ ತಯಾರಿಸಿ ನಮ್ಮ ವಾಟ್ಸಾಪಿಗೆ ಬಿಡುತ್ತಿರುವ ಮಹನೀಯರೇ,

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ರೇಷ್ಮೆ ಬೆಳೆಗಾರರ ಪರವಾಗಿ ನಿಮಗೆ ಅನಂತ ವಂದನೆಗಳು. ಹೆಣ್ಣು ಕೊಡುವ ಮನೆಯವರೂ ಇಷ್ಟು ಅಲಂಕಾರ ಮಾಡಿ ಕಳಿಸುವುದಿಲ್ಲ. ಸೀರೆಯುಟ್ಟು ನಗುವ ಚಿತ್ರ, ಮನೆಮಗಳಂಥ ಹೆಸರು, ಬಾಯಿ ತೆರೆದರೆ ‘ನಮಸ್ಕಾರ ಅಣ್ಣಾ, ನಾನು ಸುಮಾ’. ಪ್ರಶ್ನೆ ಕೇಳಿದರೆ ಪರದೆಯ ಮೇಲೆ ಮೂರು ಚುಕ್ಕಿ ಕುಣಿಯುತ್ತವೆ. ‘ಒಂದು ನಿಮಿಷ ಇರಿ, ನೋಡಿ ಹೇಳ್ತೀನಿ’ ಎಂಬ ಸಾಂತ್ವನವೂ ಬರುತ್ತದೆ. ಸುಮಾ ಯಾವ ಕಡತವನ್ನೂ ಎಳೆದು ನೋಡುತ್ತಿಲ್ಲ, ಆ ವಿಳಂಬವನ್ನು ನೀವೇ ಕೂಡಿಸಿ ಇಟ್ಟಿದ್ದೀರಿ, ನಾವು ನಂಬಲಿ ಎಂದು. ಇಷ್ಟು ಮುತುವರ್ಜಿಯನ್ನು ಉತ್ತರ ಸರಿಯಿದೆಯೇ ಎಂದು ನೋಡುವುದರಲ್ಲಿ ತೋರಿಸಿದ್ದರೆ ಈ ಪತ್ರ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಸುಮಾ ಎಂಬುದು ನಾನಿಟ್ಟ ಹೆಸರು. ಯಾವುದೋ ಒಂದು ಕಂಪನಿಯ ಬಾಟ್ ಎಂದು ಹುಡುಕಬೇಡಿ. ಎಲ್ಲರದೂ ಸೇರಿ ಒಬ್ಬಳು.

ನೀವು ವೇಷ ಹಾಕಲು ಕಾರಣವೇನೆಂದು ನಮಗೂ ಗೊತ್ತು. 2019ರಲ್ಲಿ ‘ಮಾರ್ಕೆಟಿಂಗ್ ಸೈನ್ಸ್’ ಎಂಬ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 6,200ಕ್ಕೂ ಹೆಚ್ಚು ಗ್ರಾಹಕರಿಗೆ ಫೋನು ಮಾಡಿಸಿ ಸಾಲದ ವ್ಯಾಪಾರ ನಡೆಸಿದರು. ಕೆಲವರಿಗೆ ಮನುಷ್ಯರು ಮಾತಾಡಿದರು, ಕೆಲವರಿಗೆ ಯಂತ್ರ. ಯಂತ್ರವೆಂದು ಹೇಳದೆ ಮಾತಾಡಿದಾಗ ಅದು ಪಳಗಿದ ನೌಕರರಷ್ಟೇ ವ್ಯಾಪಾರ ಕುದುರಿಸಿತು, ಹೊಸಬರಿಗಿಂತ ನಾಲ್ಕು ಪಟ್ಟು ಹೆಚ್ಚು. ಮಾತು ಶುರುವಾಗುವ ಮೊದಲೇ ‘ನಾನು ಯಂತ್ರ’ ಎಂದು ಹೇಳಿಸಿದ ಕೂಡಲೇ ವ್ಯಾಪಾರ ಶೇ. 79ಕ್ಕಿಂತ ಹೆಚ್ಚು ಬಿದ್ದುಹೋಯಿತು. ಹಾಗಾಗಿ ಸುಮಾಳ ಸೀರೆಯ ಬೆಲೆ ಎಷ್ಟೆಂದು ಅಂಗಡಿಯವರಿಗೆ ಪಕ್ಕಾ ಗೊತ್ತಿದೆ. ‘ಬಳಕೆದಾರರಿಗೆ ಆತ್ಮೀಯ ಅನುಭವ’ ಎಂದು ನಿಮ್ಮ ಕರಪತ್ರದಲ್ಲಿ ಬರೆದಿರುವುದನ್ನು ನಾವು ಆ ಶೇ. 79ರ ಜೊತೆಗಿಟ್ಟೇ ಓದುತ್ತೇವೆ.

ವೇಷದಿಂದ ಆಗುವ ಕೇಡು ಏನೆಂದರೆ, ನಾವು ಮಾತನ್ನು ತೂಗುವ ತಕ್ಕಡಿಯೇ ಕೆಟ್ಟುಹೋಗುತ್ತದೆ. ಎದುರಿಗೊಬ್ಬರು ಕೂತು ಔಷಧಿ ಹೇಳಿದರೆ ನಮ್ಮೂರಿನ ಹೆಂಗಸರು ಆ ಮಾತನ್ನಷ್ಟೇ ಕೇಳಿ ಸುಮ್ಮನಾಗುವುದಿಲ್ಲ. ಇವರು ಯಾವ ಊರು, ಮನೆಯಲ್ಲಿ ಹುಳ ಸಾಕಿದ್ದಾರಾ, ಹೇಳುವಾಗ ತಡವರಿಸಿದರಾ, ‘ಯಾವುದಕ್ಕೂ ಒಂದು ಸಲ ಸಾಹೇಬರನ್ನ ಕೇಳಿ’ ಎಂದರಾ ಎಂಬುದನ್ನೆಲ್ಲ ಗಮನಿಸಿ ಲೆಕ್ಕ ಹಾಕುತ್ತಾರೆ. ತಡವರಿಸದೆ ಹೇಳಿದರೆ ತಿಳಿದವರು ಎಂಬುದು ಮನುಷ್ಯರ ವಿಷಯದಲ್ಲಿ ಬಹುಮಟ್ಟಿಗೆ ಸರಿಯಾದ ಅಂದಾಜು. ಸುಮಾಳ ಕಥೆ ಬೇರೆ. ಮುಂದೆ ಯಾವ ಪದ ಬಂದರೆ ವಾಕ್ಯ ಚೆನ್ನಾಗಿ ಕೂರುತ್ತದೆ ಎಂದು ಲೆಕ್ಕ ಹಾಕಿ ಜೋಡಿಸುವ ಯಂತ್ರ ಅದು. ಸರಿ ಉತ್ತರವನ್ನೂ ತಪ್ಪು ಉತ್ತರವನ್ನೂ ಒಂದೇ ದನಿಯಲ್ಲಿ, ಅಷ್ಟೇ ವಿನಯದಲ್ಲಿ, ಅಷ್ಟೇ ಶುದ್ಧ ಕನ್ನಡದಲ್ಲಿ ಹೇಳುತ್ತದೆ. ಅದು ಯಂತ್ರವೆಂದು ತಿಳಿದಿದ್ದರೆ ನಾವು ನಯಕ್ಕೆ ಬೆಲೆ ಕೊಡದೆ, ಈ ಮಾತು ಎಲ್ಲಿಂದ ಬಂತು ಎಂದು ಕೇಳುತ್ತಿದ್ದೆವು. ಮನೆಮಗಳೆಂದು ತಿಳಿದರೆ ಹಾಗೆ ಕೇಳುವುದು ಅವಮಾನ. ನಮ್ಮ ಮರ್ಯಾದೆಯನ್ನೇ ನೀವು ಬಂಡವಾಳ ಮಾಡಿಕೊಂಡಿದ್ದೀರಿ.

ನಿಮ್ಮ ಪದ್ಧತಿ ನಮಗೆ ಎಷ್ಟು ಹಿಡಿಸಿದೆಯೆಂದರೆ ಅದನ್ನು ರಾಮನಗರದ ಗೂಡಿನ ಮಾರುಕಟ್ಟೆಗೂ ತರಬೇಕೆಂದು ಯೋಚಿಸುತ್ತಿದ್ದೇವೆ. ಈಗ ಅಲ್ಲಿ ನಡೆಯುವುದು ಬಹಳ ಹಳೆಯ ಕಾಲದ ಕ್ರಮ. ರೈತ ಗೂಡು ಸುರಿಯುತ್ತಾನೆ, ಲಾಟಿಗೆ ನಂಬರು ಬೀಳುತ್ತದೆ, ಇದು ದ್ವಿತಳಿಯೋ ಮಿಶ್ರತಳಿಯೋ ಎಂದು ಮೊದಲೇ ಹೇಳಬೇಕು. ರೀಲರು ಬಂದು ಕೈಯಲ್ಲಿ ಹಿಡಿದು ಅದುಮಿ ನೋಡುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ, ಜೋಡಿಗೂಡು ಎಷ್ಟು, ಕಲೆಗೂಡು ಎಷ್ಟು, ಊಜಿ ನೊಣ ತೂತು ಮಾಡಿದ್ದು ಎಷ್ಟು ಎಂದು ಕೈಬಿಟ್ಟು ಕೆದಕುತ್ತಾನೆ. ಅವನ ತಲೆಯಲ್ಲಿ ಓಡುತ್ತಿರುವುದು ರೆಂಡಿಟ್ಟಾ: ಒಂದು ಕೆಜಿ ಕಚ್ಚಾ ರೇಷ್ಮೆ ತೆಗೆಯಲು ಈ ಗೂಡು ಎಷ್ಟು ಕೆಜಿ ಬೇಕಾದೀತು. ಒಳ್ಳೆಯ ದ್ವಿತಳಿಯಾದರೆ 6ರ ಆಸುಪಾಸು, ಮಿಶ್ರತಳಿಯಾದರೆ ಅದಕ್ಕಿಂತ ಜಾಸ್ತಿ. ಆಮೇಲೆ ಹರಾಜಿನಲ್ಲಿ ಬೆಲೆ ಹಾಕುತ್ತಾನೆ. ಬಂದ ಬೆಲೆ ಒಪ್ಪದಿದ್ದರೆ ರೈತ ಬೇಡ ಎನ್ನಬಹುದು.

ನಿಮ್ಮ ಕ್ರಮದಲ್ಲಾದರೆ ಇಷ್ಟೆಲ್ಲ ಗೋಜಿಲ್ಲ. ಲಾಟಿಗೆ ಬಟ್ಟೆ ಮುಚ್ಚಿ, ಮೇಲೊಂದು ಹೂವಿನ ಹಾರ ಹಾಕಿ, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ‘ಕೆಲವು ಗೂಡುಗಳು ಗೂಡಲ್ಲದಿರಬಹುದು, ದಯವಿಟ್ಟು ಪರಿಶೀಲಿಸಿ’ ಎಂದು ಬರೆದರಾಯಿತು. ರೀಲರು ಬೇಸರಪಟ್ಟರೆ ‘ಮೊದಲೇ ಹೇಳಿದ್ದೆವಲ್ಲ’ ಎನ್ನಬಹುದು. ಯಾರಾದರೂ ರೆಂಡಿಟ್ಟಾ ಕೇಳಿದರೆ ‘ಅತ್ಯಾಧುನಿಕ’ ಎಂದು ಉತ್ತರಿಸಬಹುದು.

ತಮಾಷೆ ಪಕ್ಕಕ್ಕಿಟ್ಟು ಒಂದು ಪ್ರಸಂಗ ಕಟ್ಟಿ ಹೇಳುತ್ತೇನೆ. ನಡೆದದ್ದಲ್ಲ, ಆದರೆ ಅದರಲ್ಲಿ ಬರುವ ಸಂಗತಿಗಳು ನಿಜ. ಮಳೆ ಬಿದ್ದ ಮೇಲೆ ಹಿಪ್ಪುನೇರಳೆ ತೋಟಕ್ಕೆ ಎಲೆ ಸುರುಳಿ ಹುಳು ಬೀಳುತ್ತದೆ. ಕುಡಿ ಎಲೆಯನ್ನು ನೂಲಿನಿಂದ ಸುತ್ತಿಕೊಂಡು ಒಳಗೆ ಕೂತು ತಿನ್ನುತ್ತದೆ. ಮನೆಯಲ್ಲಿ ನಾಲ್ಕನೇ ಜ್ವರ ಎದ್ದ ಹುಳ ಇವೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಶೇ. 80ಕ್ಕಿಂತ ಹೆಚ್ಚು ಈ ಕೊನೆಯ ಹಂತದಲ್ಲೇ ಖರ್ಚಾಗುತ್ತದೆ. ಅರ್ಧ ತೋಟ ಸುರುಳಿಯಾದರೆ ಕೈಕಟ್ಟಿ ಕೂರಲಾಗದು. ಒಬ್ಬ ಹೆಣ್ಣುಮಗಳು ರಾತ್ರಿ ಹತ್ತು ಗಂಟೆಗೆ ಸುಮಾಳಿಗೆ ವಾಯ್ಸ್ ಮೆಸೇಜು ಕಳಿಸುತ್ತಾಳೆ. ‘ಎಲೆ ಸುತ್ಕೊಂಡ್ಬುಟ್ಟದೆ ಕಣಮ್ಮ, ಏನ್ ಹೊಡೀಲಿ?’

ಸುಮಾಳ ಹೊಟ್ಟೆಯಲ್ಲಿ ಹಳೆಯ ಕೈಪಿಡಿಗಳಿವೆ. ಅವುಗಳಲ್ಲಿ ಈ ಹುಳುವಿಗೆ ಡೈಕ್ಲೋರ್‌ವಾಸ್, ಅಂದರೆ ಡಿಡಿವಿಪಿ ಎಂದು ನಮ್ಮವರು ಕರೆಯುತ್ತಿದ್ದ ಔಷಧಿ, ಲೀಟರಿಗೆ ಇಂತಿಷ್ಟು ಎಂದು ಬರೆದಿದೆ. ಬರೆದ ಕಾಲಕ್ಕೆ ಅದು ಸರಿಯಾದ ಶಿಫಾರಸೇ. ಆದರೆ ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಕೀಟನಾಶಕ ನಿಷೇಧ ಆದೇಶದಂತೆ 2020ರ ಡಿಸೆಂಬರ್ 31ರಿಂದ ಡೈಕ್ಲೋರ್‌ವಾಸ್ ಬಳಕೆ ದೇಶದಲ್ಲಿ ನಿಷಿದ್ಧ. ಇಷ್ಟೇ ಆಗಿದ್ದರೆ ಅಂಗಡಿಯವನು ‘ಅದು ಬರಲ್ಲ’ ಎಂದು ವಾಪಸು ಕಳಿಸುತ್ತಿದ್ದ. ಅಪಾಯ ಇರುವುದು ಮುಂದಿನ ಹೆಜ್ಜೆಯಲ್ಲಿ. ಅಂಗಡಿಯವನು ‘ಅದರ ಬದಲಿಗೆ ಇದು ತಗೊಳ್ಳಿ’ ಎಂದು ಬೇರೊಂದು ಡಬ್ಬಿ ಕೊಡುತ್ತಾನೆ. ಸಿಂಪಡಿಸಿದ ಮೇಲೆ ಎಷ್ಟು ದಿನ ಬಿಟ್ಟು ಸೊಪ್ಪು ಕೊಯ್ಯಬಹುದು ಎಂಬುದು ಔಷಧಿಯಿಂದ ಔಷಧಿಗೆ ಬದಲಾಗುತ್ತದೆ. ಸುಮಾ ಹೇಳಿದ ದಿನಗಳು ಡೈಕ್ಲೋರ್‌ವಾಸಿನವು, ಡಬ್ಬಿಯಲ್ಲಿರುವುದು ಬೇರೆ. ಎಣಿಸಿದ ದಿನಕ್ಕೆ ಸೊಪ್ಪು ಕೊಯ್ದು ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಹುಳ ತಲೆ ಆಡಿಸತೊಡಗುತ್ತವೆ, ಬಾಯಿಂದ ಹಸಿರು ರಸ ಕಾರುತ್ತವೆ, ಮೈ ಕುಗ್ಗುತ್ತದೆ. ಹುಳ ಸಾಕಿದವರಿಗೆ ಈ ಗುರುತು ಗೊತ್ತು, ಮತ್ತು ಅದು ಕಂಡಾಗ ಮಾಡಲು ಏನೂ ಉಳಿದಿರುವುದಿಲ್ಲ ಎಂಬುದೂ ಗೊತ್ತು.

ಈ ಪ್ರಸಂಗದಲ್ಲಿ ಸುಮಾ ಸುಳ್ಳು ಹೇಳಲಿಲ್ಲ. ಅಚ್ಚಾದ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದಳು. ಹೇಳದೆ ಉಳಿಸಿದ್ದು ಎರಡು ಸಂಗತಿ: ತಾನು ಓದಿದ ಪುಸ್ತಕ ಯಾವ ವರ್ಷದ್ದು ಎಂಬುದು ಮತ್ತು ಔಷಧಿ ಬದಲಾದರೆ ದಿನದ ಲೆಕ್ಕವೂ ಬದಲಾಗುತ್ತದೆ ಎಂಬುದು. ರೇಷ್ಮೆ ಇಲಾಖೆಯ ತಾಂತ್ರಿಕ ಸೇವಾ ಕೇಂದ್ರದಲ್ಲಿ ಕೂತ ವಿಸ್ತರಣಾಧಿಕಾರಿಯಾಗಿದ್ದರೆ ಮೊದಲು ಕೇಳುತ್ತಿದ್ದದ್ದು ‘ಹುಳ ಯಾವ ಹಂತದಲ್ಲಿವೆ, ಸೊಪ್ಪು ಯಾವತ್ತು ಬೇಕು’ ಎಂದು. ಹಣ್ಣಾಗಲು ನಾಲ್ಕೈದು ದಿನ ಇರುವಾಗ ಔಷಧಿಯ ಗೊಡವೆಗೇ ಹೋಗದೆ ಸುರುಳಿಯಾದ ಕುಡಿಗಳನ್ನು ಚಿವುಟಿ ಸುಡಿ ಎನ್ನುತ್ತಿದ್ದರೇನೋ. ಬಾಟ್ ಮರುಪ್ರಶ್ನೆ ಹಾಕುವುದು ಕಡಿಮೆ, ಏಕೆಂದರೆ ಕೇಳಿದ್ದಕ್ಕೆ ಥಟ್ಟನೆ ಉತ್ತರ ಕೊಡುವುದೇ ‘ಒಳ್ಳೆಯ ಅನುಭವ’ ಎಂದು ನೀವು ತೀರ್ಮಾನಿಸಿದ್ದೀರಿ.

ನಿಮ್ಮ ಸಮಾಧಾನ ನಮಗೆ ಬಾಯಿಪಾಠವಾಗಿದೆ. ‘ನಾವು ಎಚ್ಚರಿಕೆ ಕೊಟ್ಟಿದ್ದೇವೆ, ಬಾಟ್ ತಪ್ಪು ಮಾಡಬಹುದು ಎಂದು ಬರೆದಿದ್ದೇವೆ.’ ಬರೆದಿದ್ದೀರಿ, ಸ್ವಾಮಿ. ಪ್ರೊಫೈಲ್ ಚಿತ್ರ ಒತ್ತಿದರೆ ತೆರೆಯುವ ಪುಟದಲ್ಲಿ, ಬೂದು ಬಣ್ಣದಲ್ಲಿ, ಬಹಳ ಸಲ ಇಂಗ್ಲಿಷಿನಲ್ಲಿ. ಪ್ರಶ್ನೆ ಕೇಳಿದಾಕೆ ಓದಲು ಬಾರದ ಕಾರಣಕ್ಕೇ ವಾಯ್ಸ್ ಮೆಸೇಜು ಕಳಿಸಿದ್ದು. ಅವಳಿಗೆ ದನಿಯಲ್ಲಿ ಉತ್ತರ ಕೊಟ್ಟು ಎಚ್ಚರಿಕೆಯನ್ನು ಮಾತ್ರ ಅಕ್ಷರದಲ್ಲಿ ಇಟ್ಟರೆ ಅದು ಅವಳಿಗೆ ಕೊಟ್ಟ ಎಚ್ಚರಿಕೆಯಲ್ಲ, ನಿಮ್ಮ ವಕೀಲರಿಗೆ ಕೊಟ್ಟದ್ದು.

ಇನ್ನೊಂದು ಸಂಗತಿ ನಿಮ್ಮ ಗಮನಕ್ಕೆ ಬಂದಿಲ್ಲವೆಂದು ಕಾಣುತ್ತದೆ. ನಮ್ಮ ಕಡೆ ಉತ್ತರ ಒಂದು ಮೊಬೈಲಿನಲ್ಲಿ ನಿಲ್ಲುವುದಿಲ್ಲ. ಅಕ್ಕ ಕೇಳಿದ್ದನ್ನು ತಮ್ಮನಿಗೆ, ತಮ್ಮ ಊರಿನ ಗುಂಪಿಗೆ, ಗುಂಪಿನಿಂದ ಪಕ್ಕದ ತಾಲೂಕಿಗೆ ಫಾರ್ವರ್ಡ್ ಮಾಡುತ್ತಾರೆ. ಮೊದಲ ದಿನ ನೀವು ಕಳಿಸಿದ ಸ್ವಾಗತ ಸಂದೇಶದಲ್ಲಿ ‘ಇದು ಬಾಟ್’ ಎಂದು ಇದ್ದರೂ ಆ ಸಂದೇಶ ಅಲ್ಲೇ ಹಿಂದೆ ಉಳಿಯುತ್ತದೆ. ಔಷಧಿಯ ಸಾಲು ಮಾತ್ರ ಒಂಟಿಯಾಗಿ ಪ್ರಯಾಣ ಮಾಡುತ್ತದೆ. ಮೂರನೆಯ ಗುಂಪಿಗೆ ಬರುವಷ್ಟರಲ್ಲಿ ಅದು ‘ಇಲಾಖೆಯವರು ಹೇಳಿದ್ದು’ ಆಗಿರುತ್ತದೆ. ಆದ್ದರಿಂದ ಗುರುತು ಇರಬೇಕಾದದ್ದು ಪ್ರತಿ ಉತ್ತರದ ಒಳಗೇ, ಅದೂ ಮೊದಲ ಸಾಲಿನಲ್ಲಿ: ‘ಯಂತ್ರದ ಉತ್ತರ. ಆಧಾರ: ಇಂಥ ಕೈಪಿಡಿ, ಇಂಥ ವರ್ಷ.’ ಏಳೆಂಟು ಪದ. ದನಿಯ ಉತ್ತರವಾದರೆ ಅದನ್ನೇ ಮೊದಲು ಉಚ್ಚರಿಸಿ. ಅದಕ್ಕೆ ತಗಲುವುದು ನೀವು ಮೂರು ಚುಕ್ಕಿ ಕುಣಿಸುವಷ್ಟು ಹೊತ್ತು.

ದೆಹಲಿಯವರೂ ಈ ಬಗ್ಗೆ ಒಂದು ಮಾತು ಹೇಳಿದ್ದಾರೆ. ಸಾಕಷ್ಟು ಪರೀಕ್ಷೆಯಾಗದ, ನಂಬಲರ್ಹವಲ್ಲದ ಮಾದರಿಗಳನ್ನು ಜನರಿಗೆ ಕೊಡುವುದಾದರೆ ಅವುಗಳ ಉತ್ತರ ತಪ್ಪಾಗಬಹುದೆಂದು ಗುರುತು ಹಾಕಿಯೇ ಕೊಡಿ ಎಂದು ಕೇಂದ್ರದ ಐಟಿ ಸಚಿವಾಲಯ 2024ರ ಮಾರ್ಚ್ 15ರಂದು ಸಲಹಾ ಸುತ್ತೋಲೆ ಹೊರಡಿಸಿತು. ಒಪ್ಪಿಗೆ ಕೇಳುವ ಪಾಪ್-ಅಪ್ ಹಾಕಬಹುದು ಎಂದೂ ಅದರಲ್ಲಿದೆ. ಸಲಹೆಯನ್ನು ನೀವು ಎಷ್ಟು ಚೆನ್ನಾಗಿ ಪಾಲಿಸಬಲ್ಲಿರೆಂದು ನಮಗೆ ಗೊತ್ತು: ‘ಐ ಅಗ್ರೀ’ ಎಂಬ ಹಸಿರು ಬಟನ್. ಅದನ್ನು ಒತ್ತಿದರೆ ಮುಂದಕ್ಕೆ ಹೋಗುತ್ತದೆ ಎಂಬುದು ಗೊತ್ತಿದೆ, ಯಾವುದಕ್ಕೆ ಒಪ್ಪಿದೆವು ಎಂಬುದು ಯಾರಿಗೂ ಗೊತ್ತಿಲ್ಲ.

‘ತಪ್ಪಾಗಬಹುದು’ ಎಂಬ ಒಂದೇ ಮಾತನ್ನು ಎಲ್ಲ ಉತ್ತರಕ್ಕೂ ಅಂಟಿಸಿದರೂ ಪ್ರಯೋಜನವಿಲ್ಲ. ಎಲ್ಲದರಲ್ಲೂ ತಪ್ಪಾಗಬಹುದಾದರೆ ಯಾವುದರಲ್ಲಿ ಎಚ್ಚರ ವಹಿಸಲಿ? ಕೆಲವರು ಇದಕ್ಕೂ ಮುಂದೆ ಹೋಗಿ ‘ನಮ್ಮ ಬಾಟ್ ಶೇ. 87ರಷ್ಟು ನಿಖರ’ ಎಂದು ಎದೆ ತಟ್ಟುತ್ತಾರೆ. ಆ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನು ನಮ್ಮ ಓದುಗರಿಗಾಗಿ ಬಿಡಿಸುತ್ತೇನೆ, ನೀವು ತಪ್ಪಿದ್ದರೆ ತಿದ್ದಿ. ಲೆಕ್ಕಕ್ಕೆಂದು 200 ಪ್ರಶ್ನೆ ಇಟ್ಟುಕೊಳ್ಳೋಣ. 120 ಪ್ರಶ್ನೆ ಸಾಮಾನ್ಯ ಜ್ಞಾನದವು: ಸಾಲಿನಿಂದ ಸಾಲಿಗೆ ಅಂತರ ಎಷ್ಟು, ಚಾಕಿ ಹುಳಕ್ಕೆ ಎಂಥ ಎಲೆ. 50 ಪ್ರಶ್ನೆ ಯೋಜನೆ, ಸಬ್ಸಿಡಿಯವು. 30 ಪ್ರಶ್ನೆ ಔಷಧಿಯವು. ಬಾಟ್ ಮೊದಲ ಗುಂಪಿನಲ್ಲಿ 118, ಎರಡನೆಯದರಲ್ಲಿ 45, ಮೂರನೆಯದರಲ್ಲಿ 12 ಸರಿ ಹೇಳಿತು ಎನ್ನಿ. ಒಟ್ಟು 175, ಅಂದರೆ ಶೇ. 87.5. ಜಾಹೀರಾತಿಗೆ ಚೆಂದ. ಆದರೆ ಹುಳದ ಜೀವ ನಿಂತಿರುವ ಆ ಮೂವತ್ತರಲ್ಲಿ ಬಾಟ್ ಸರಿ ಹೇಳಿದ್ದು ಶೇ. 40. ಅಂತರ ಎಷ್ಟೆಂದು ಕೇಳಲು ನಮ್ಮೂರಲ್ಲಿ ಯಾರೂ ರಾತ್ರಿ ಹತ್ತು ಗಂಟೆಗೆ ಫೋನು ಹಿಡಿಯುವುದಿಲ್ಲ. ರಾತ್ರಿ ಬರುವ ಪ್ರಶ್ನೆಯೆಲ್ಲ ಮೂರನೆಯ ಗುಂಪಿನದೇ.

ಆ ಮೂವತ್ತರಲ್ಲಿ ತಪ್ಪಿದ ಹದಿನೆಂಟರ ಒಳಗೂ ಭೇದವಿದೆ. ‘ಇದು ನನಗೆ ತಿಳಿಯದು, ತಾಂತ್ರಿಕ ಸೇವಾ ಕೇಂದ್ರ ಕೇಳಿ’ ಎಂದು ಹದಿನೆಂಟಕ್ಕೂ ಕೈಮುಗಿದ ಬಾಟಿನ ಅಂಕವೂ 12, ಹದಿನೆಂಟಕ್ಕೂ ಧೈರ್ಯವಾಗಿ ತಪ್ಪು ಔಷಧಿ ಹೇಳಿದ ಬಾಟಿನ ಅಂಕವೂ 12. ಪರೀಕ್ಷೆಯಲ್ಲಿ ಇಬ್ಬರೂ ಸಮ. ನಮ್ಮ ಹುಳಮನೆಯಲ್ಲಿ ಒಬ್ಬಳು ಬೆಳೆ ಉಳಿಸಿದವಳು, ಇನ್ನೊಬ್ಬಳು ತೆಗೆದವಳು. ಪ್ರಕಟಿಸುವುದಾದರೆ ಮೂರು ಸಂಖ್ಯೆ ಪ್ರಕಟಿಸಿ: ಸರಿ ಎಷ್ಟು, ಗೊತ್ತಿಲ್ಲ ಎಂದದ್ದು ಎಷ್ಟು, ಗೊತ್ತಿಲ್ಲದೆ ಹೇಳಿದ್ದು ಎಷ್ಟು. ಅದೂ ಗುಂಪುಗುಂಪಾಗಿ. ಉತ್ತರ ತಿದ್ದಿದವರು ಹುಳ ಸಾಕಿದವರೋ, ಬರೇ ಕನ್ನಡ ಬಲ್ಲವರೋ ಎಂಬುದನ್ನೂ ಬರೆಯಿರಿ. ನಾವು ರೆಂಡಿಟ್ಟಾ ಎನ್ನುವುದು ಇದನ್ನೇ.

ಔಷಧಿಯ ಮಾತು ಸಾಕು, ಸರ್ಕಾರಿ ಕಚೇರಿಯ ಪ್ರಶ್ನೆಗೆ ಬರೋಣ. ನಿಮ್ಮ ಬಾಟಿಗೆ ನಮ್ಮ ಜಿಲ್ಲೆಗಿಂತ ಕಠಿಣ ಪರೀಕ್ಷೆ ಈ ದೇಶದಲ್ಲಿ ಸಿಗಲಾರದು. ಮಾಗಡಿಯ ಒಬ್ಬ ಅಜ್ಜ ತನ್ನ ಜಾಗದಿಂದ ಕದಲದೆ ನಾಲ್ಕು ಜಿಲ್ಲೆಯಲ್ಲಿ ಬದುಕಿದ್ದಾನೆ. 1986ರವರೆಗೆ ಬೆಂಗಳೂರು ಜಿಲ್ಲೆ, ಆಮೇಲೆ ಬೆಂಗಳೂರು ಗ್ರಾಮಾಂತರ, 2007ರಿಂದ ರಾಮನಗರ, 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ಒಪ್ಪಿದ ಮೇಲೆ ಬೆಂಗಳೂರು ದಕ್ಷಿಣ. ಇಷ್ಟಕ್ಕೇ ಮುಗಿಯಲಿಲ್ಲ. ಬೆಂಗಳೂರು ದಕ್ಷಿಣ ಎಂಬ ತಾಲೂಕು ಬೇರೆಯೇ ಇದೆ, ಅದು ಬೆಂಗಳೂರು ನಗರ ಜಿಲ್ಲೆಯದು. ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರವೂ ಇದೆ, ಅದು ಬಸವನಗುಡಿ, ಜಯನಗರದ ಕಡೆಯದು. ನಮ್ಮ ಅಜ್ಜ ಇರುವುದು ಬೆಂಗಳೂರು ದಕ್ಷಿಣ ಜಿಲ್ಲೆಯಲ್ಲಿ, ಲೋಕಸಭೆಗೆ ವೋಟು ಹಾಕುವುದು ಬೆಂಗಳೂರು ಗ್ರಾಮಾಂತರಕ್ಕೆ. ಬೆಂಗಳೂರು ದಕ್ಷಿಣ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರ ಕೂಡ ಇರುವುದು ಅದೇ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದೊಳಗೆ. ನಮಗೇ ಒಮ್ಮೊಮ್ಮೆ ತಲೆ ಸುತ್ತುತ್ತದೆ, ಇದರಲ್ಲಿ ಸುಮಾಳನ್ನು ಪೂರ್ತಿ ದೂರುವುದು ನ್ಯಾಯವಲ್ಲ.

ಆದರೂ ಕೇಳಿ ನೋಡಿ: ‘ಬೆಂಗಳೂರು ದಕ್ಷಿಣದವನು ನಾನು, ಪಹಣಿ ತಿದ್ದುಪಡಿಗೆ ಯಾವ ತಹಶೀಲ್ದಾರರ ಹತ್ತಿರ ಹೋಗಲಿ?’ ಹಳೆಯ ಮಾಹಿತಿಯ ಬಾಟ್ ಅಜ್ಜನನ್ನು ಬೆಂಗಳೂರು ದಕ್ಷಿಣ ತಾಲೂಕು ಕಚೇರಿಗೆ ಕಳಿಸುತ್ತದೆ. ಬಸ್ಸು ಹತ್ತಿ ಬೆಂಗಳೂರು ಸೇರಿ, ಟೋಕನ್ ತೆಗೆದು ಕಾದ ಮೇಲೆ ಅಲ್ಲಿಯ ಗುಮಾಸ್ತರು ‘ನಿಮ್ಮದು ಮಾಗಡಿ ತಾಲೂಕು ಕಣಜ್ಜ’ ಎನ್ನುತ್ತಾರೆ. ಮಾಗಡಿಯ ಕಚೇರಿ ಅವನ ಊರಿನ ಪಕ್ಕದಲ್ಲೇ ಇತ್ತು. ಇಲ್ಲಿ ಬೇಕಾಗಿದ್ದದ್ದು ಮಹಾ ಜ್ಞಾನವಲ್ಲ. ‘ನನ್ನ ಮಾಹಿತಿ ಇಂಥ ತಿಂಗಳವರೆಗಿನದು, ಜಿಲ್ಲೆಯ ಹೆಸರು ಬದಲಾಗಿದ್ದರೆ ನನಗೆ ತಿಳಿದಿರುವುದಿಲ್ಲ, ನಿಮ್ಮ ತಾಲೂಕು ಯಾವುದು?’ ಎಂಬ ಒಂದು ಸಾಲು ಸಾಕಿತ್ತು.

ತಪ್ಪಾದಾಗ ಹೊಣೆ ಯಾರದು ಎಂಬ ಪ್ರಶ್ನೆಗೆ ನಿಮ್ಮ ವೃತ್ತಿಬಂಧುಗಳು ಕೆನಡಾದಲ್ಲಿ ಕೊಟ್ಟ ಉತ್ತರವನ್ನು ನಾವು ಕಟ್ಟು ಹಾಕಿಸಿ ಪಂಚಾಯಿತಿ ಕಟ್ಟೆಯಲ್ಲಿ ತೂಗುಹಾಕಬೇಕೆಂದಿದ್ದೇವೆ. 2022ರಲ್ಲಿ ಅಜ್ಜಿ ತೀರಿಕೊಂಡ ಒಬ್ಬ ಪ್ರಯಾಣಿಕನಿಗೆ ಏರ್ ಕೆನಡಾದ ಬಾಟ್, ಈಗ ಪೂರ್ತಿ ದರಕ್ಕೆ ಟಿಕೆಟ್ ಕೊಳ್ಳಿ, 90 ದಿನದೊಳಗೆ ಅರ್ಜಿ ಹಾಕಿದರೆ ಸಾವಿನ ರಿಯಾಯಿತಿ ವಾಪಸು ಸಿಗುತ್ತದೆ ಎಂದಿತು. ಕಂಪನಿಯ ನಿಯಮದಲ್ಲಿ ಅಂಥ ವಾಪಸಾತಿ ಇರಲಿಲ್ಲ. ಪ್ರಕರಣ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಗೆ ಹೋಯಿತು. ಬಾಟ್ ಎಂಬುದು ಪ್ರತ್ಯೇಕ ಅಸ್ತಿತ್ವ, ಅದರ ಮಾತಿಗೆ ಅದೇ ಹೊಣೆ ಎಂಬ ಅರ್ಥದ ವಾದವನ್ನು ಕಂಪನಿ ಮುಂದಿಟ್ಟಿತು. 2024ರ ಫೆಬ್ರವರಿಯಲ್ಲಿ ಮಂಡಳಿ ಅದನ್ನು ತಳ್ಳಿಹಾಕಿ, ನಿಮ್ಮ ಜಾಲತಾಣದಲ್ಲಿರುವ ಎಲ್ಲ ಮಾಹಿತಿಗೂ ನೀವೇ ಹೊಣೆ ಎಂದು ಹೇಳಿ, ಬಡ್ಡಿ, ಶುಲ್ಕ ಸೇರಿ 812 ಡಾಲರ್ ಕೊಡಿಸಿತು. ಗಮನಿಸಿ: ಗ್ರಾಹಕ ಮಾತಾಡುವಾಗ ಬಾಟ್ ಎಂದರೆ ಕಂಪನಿಯೇ, ಕಟಕಟೆ ಹತ್ತಿದಾಗ ಬಾಟ್ ಬೇರೆ, ಕಂಪನಿ ಬೇರೆ. ನಿಮ್ಮ ಸುಮಾ ಕೂಡ ನಗುವಾಗ ನಿಮ್ಮ ಮಗಳು, ತಪ್ಪಿದಾಗ ಯಾರ ಮಗಳೋ.

ಪ್ರಾಮಾಣಿಕವಾಗಿ ಬಾಟ್ ನಡೆಸಲು ಬರುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಕನಕಪುರ ರಸ್ತೆಯಿಂದ ಬೆಂಗಳೂರಿಗೆ ಹೋಗುವ ನಮ್ಮ ಹುಡುಗರು ರೇಷ್ಮೆ ಸಂಸ್ಥೆ ನಿಲ್ದಾಣದಲ್ಲಿ ಮೆಟ್ರೋ ಹತ್ತುತ್ತಾರೆ. ನಮ್ಮ ಮೆಟ್ರೋದವರು 2022ರ ನವೆಂಬರ್ 1ರಿಂದ ವಾಟ್ಸಾಪ್ ಬಾಟಿನಲ್ಲಿ ಕ್ಯುಆರ್ ಟಿಕೆಟ್ ಕೊಡುತ್ತಿದ್ದಾರೆ. ಪಟ್ಟಿ ತೋರಿಸುತ್ತದೆ, ಎಲ್ಲಿಂದ ಎಲ್ಲಿಗೆ ಎಂದು ಆರಿಸಿದರೆ ಟಿಕೆಟ್ ಬರುತ್ತದೆ. ಅದರ ಹತ್ತಿರ ಯಾರೂ ಕಷ್ಟ ಸುಖ ಹೇಳಿಕೊಳ್ಳಲು ಹೋಗುವುದಿಲ್ಲ, ಏಕೆಂದರೆ ಅದು ತನ್ನ ಕೆಲಸದ ಗಡಿಯನ್ನು ಪಟ್ಟಿಯಲ್ಲೇ ಎಳೆದುಕೊಂಡಿದೆ. ಮನುಷ್ಯರ ಕಡೆಯಿಂದಲೂ ಒಂದು ಉದಾಹರಣೆ ಕೊಡುವುದಾದರೆ ಕಿಸಾನ್ ಕಾಲ್ ಸೆಂಟರ್ ಇದೆ, 1800-180-1551, 2004ರಿಂದ ನಡೆಯುತ್ತಿದೆ. ಫೋನು ಎತ್ತುವವರು ಕೃಷಿ ಓದಿದವರು. ಅವರಿಗೆ ತಿಳಿಯದಿದ್ದರೆ ಮೇಲಿನ ತಜ್ಞರಿಗೆ ದಾಟಿಸುವ ಏರ್ಪಾಡು ಮೊದಲಿನಿಂದಲೂ ಇದೆ. ದಾಟಿಸುವುದನ್ನು ಅಲ್ಲಿ ಯಾರೂ ಸೋಲೆಂದು ಬಗೆಯುವುದಿಲ್ಲ. ವಾಟ್ಸಾಪಿನ ವ್ಯಾಪಾರಿ ನಿಯಮದಲ್ಲೇ, ಯಂತ್ರದಿಂದ ಉತ್ತರಿಸುವವರು ಮನುಷ್ಯರನ್ನು ತಲುಪುವ ದಾರಿಯನ್ನೂ ಸ್ಪಷ್ಟವಾಗಿ ಇಡಬೇಕೆಂದಿದೆ. ‘ನನಗೆ ಮನುಷ್ಯರ ಜೊತೆ ಮಾತಾಡಬೇಕು’ ಎಂದರೆ ‘ಖಂಡಿತ ಅಣ್ಣಾ, ನಿಮಗೆ ಹೇಗೆ ಸಹಾಯ ಮಾಡಲಿ’ ಎಂದು ಮತ್ತೆ ಮೊದಲಿಗೇ ಬಂದು ನಿಲ್ಲುವುದನ್ನು ನೀವು ದಾರಿ ಎಂದು ಕರೆಯುತ್ತಿರಬಹುದು.

ನಿಮಗೆ ಬರೆಯಲು ಬೇಸರವಾದರೆ ಮೊದಲ ಸಂದೇಶವನ್ನು ನಾವೇ ಬರೆದುಕೊಡುತ್ತೇವೆ, ಸಂಭಾವನೆ ಬೇಡ. ‘ನಾನು ಯಂತ್ರ, ಮನುಷ್ಯಳಲ್ಲ. ಹಿಪ್ಪುನೇರಳೆ ಮತ್ತು ಹುಳ ಸಾಕಣೆ ಬಗ್ಗೆ ಇಂಥ ವರ್ಷದ ಕೈಪಿಡಿಯಿಂದ ಹುಡುಕಿ ಹೇಳುತ್ತೇನೆ. ಔಷಧಿಯ ಹೆಸರು, ಪ್ರಮಾಣ, ಸೊಪ್ಪು ಕೊಯ್ಯುವ ದಿನ ನಾನು ಹೇಳುವುದಿಲ್ಲ. ಇವತ್ತಿನ ಗೂಡಿನ ರೇಟು ನನಗೆ ಗೊತ್ತಿಲ್ಲ. ಮನುಷ್ಯರ ಜೊತೆ ಮಾತಾಡಲು ಸೊನ್ನೆ ಒತ್ತಿ, ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ ಸಿಗುತ್ತಾರೆ.’ ಇದನ್ನು ಓದಿದವರಲ್ಲಿ ಅರ್ಧ ಜನ ಫೋನು ಕೆಳಗಿಟ್ಟು ಪಕ್ಕದ ಮನೆಯವರನ್ನು ಕೇಳಲು ಹೋಗಬಹುದು. ಹೋಗಲಿ ಬಿಡಿ. ಉಳಿದ ಅರ್ಧ ಜನ ನಿಮ್ಮನ್ನು ಯಾವುದಕ್ಕೆ ಬಳಸಬೇಕೋ ಅದಕ್ಕೇ ಬಳಸುತ್ತಾರೆ.

ಹೆಸರು, ಸೀರೆ ಇರಬೇಕೇ ಬೇಡವೇ ಎಂಬ ಬಗ್ಗೆ ನಮ್ಮಲ್ಲೇ ಒಮ್ಮತವಿಲ್ಲ. ಹೆಸರಿದ್ದರೆ ಕರೆಯಲು ಸುಲಭ ಎನ್ನುವವರಿದ್ದಾರೆ. ನನ್ನ ಮಟ್ಟಿಗೆ ಹೆಸರು ಇರಲಿ, ಚಿತ್ರ ಬೇಡ. ‘ನೀನು ಮನುಷ್ಯಳಾ’ ಎಂದು ಯಾರೇ ಕೇಳಿದರೂ, ಯಾವ ಭಾಷೆಯಲ್ಲಿ ಕೇಳಿದರೂ, ಜೋಕಿನಂತೆ ಕೇಳಿದರೂ, ‘ಅಲ್ಲ’ ಎಂಬ ಒಂದೇ ಪದದಿಂದ ಉತ್ತರ ಶುರುವಾಗಬೇಕು. ಅದರಲ್ಲಿ ರಿಯಾಯಿತಿ ಇಲ್ಲ.

ಮುಂದಿನ ಸಲ ನೀವು ನಮ್ಮ ಹಳ್ಳಿಗೆ ಬಾಟ್ ಪರಿಚಯಿಸಲು ಬ್ಯಾನರ್ ಕಟ್ಟಿಸಿಕೊಂಡು ಬಂದಾಗ ನಾವೂ ಮೂರು ಪ್ರಶ್ನೆ ಸಿದ್ಧ ಮಾಡಿಕೊಂಡಿರುತ್ತೇವೆ. ಕದ್ದುಮುಚ್ಚಿ ಏನೂ ಇಲ್ಲ, ಈಗಲೇ ಹೇಳಿಬಿಡುತ್ತೇನೆ. ಒಂದು: ‘ನಮ್ಮನೇಲಿ ನೂರು ಮೊಟ್ಟೆ ಮೇಯಿಸ್ತಾ ಇದೀವಿ, ಸೊಪ್ಪು ಎಷ್ಟು ಬೇಕು?’ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆಯೆಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ಹೆಚ್ಚುಕಡಿಮೆ ನಾನೂರು ಹುಳ. ನೂರೇ ಹುಳಕ್ಕೆ ಲೆಕ್ಕ ಹಾಕಿ ಒಂದು ಬುಟ್ಟಿ ಸೊಪ್ಪು ಹೇಳಿದರೆ ನಲವತ್ತು ಸಾವಿರ ಹುಳ ಉಪವಾಸ. ಎರಡು: ‘ಹುಳ ಜ್ವರಕ್ಕೆ ಕೂತವೆ, ಏನ್ ಮಾಡ್ಲಿ?’ ಪೊರೆ ಬಿಡುವ ಹುಳಕ್ಕೆ ಸೊಪ್ಪು ನಿಲ್ಲಿಸಿ, ಹಾಸಿಗೆ ಒಣಗಿಸಿ ಎನ್ನಬೇಕು. ಕಾಯಿಲೆಗೆ ಮದ್ದು ಹುಡುಕಲು ಹೊರಟರೆ ಅಲ್ಲಿಗೇ ಬ್ಯಾನರ್ ಬಿಚ್ಚಬಹುದು.

ಮೂರನೆಯದು ಸ್ವಲ್ಪ ತುಂಟತನದ್ದು. ಕಣ್ವ-2 ಎಂಬ ಹಿಪ್ಪುನೇರಳೆ ತಳಿ ಇದೆ, ಎಂ-5 ಎಂದೂ ಕರೆಯುತ್ತಾರೆ, ವಿ-1 ಬರುವ ಮೊದಲು ನಮ್ಮ ತೋಟಗಳಲ್ಲಿ ಅದರದೇ ಹೆಸರು. ನಾವು ಕೇಳುವುದು ಕಣ್ವ-9ರ ಬಗ್ಗೆ. ಅದು ನಾವು ಕಟ್ಟಿದ ಹೆಸರು. ‘ಅಂಥ ತಳಿ ನನಗೆ ಸಿಗಲಿಲ್ಲ, ಕಣ್ವ-2 ಬಗ್ಗೆ ಕೇಳುತ್ತಿದ್ದೀರಾ?’ ಎಂದರೆ ಕಾಫಿ ಕೊಟ್ಟು ಕೂರಿಸುತ್ತೇವೆ. ಕಣ್ವ-9 ಎಕರೆಗೆ ಇಷ್ಟು ಟನ್ ಸೊಪ್ಪು ಕೊಡುತ್ತದೆ, ಕನಕಪುರದ ಮಣ್ಣಿಗೆ ಬಹಳ ಸೂಕ್ತ, ಕಡ್ಡಿಗೆ ಇಂಥಲ್ಲಿ ಸಂಪರ್ಕಿಸಿ ಅಣ್ಣಾ ಎಂದು ಸುಮಾ ನಗುತ್ತಾ ಹೇಳಿದರೆ, ಆ ಕಡ್ಡಿಯನ್ನು ನಿಮ್ಮಿಂದಲೇ ತರಿಸಿ ನಿಮ್ಮ ಕಂಪನಿಯ ಅಂಗಳದಲ್ಲೇ ನೆಡಿಸುತ್ತೇವೆ. ಸೊಪ್ಪು ಬರುವವರೆಗೆ ಕಾಯಲು ನಮ್ಮ ಅಭ್ಯಂತರವೇನೂ ಇಲ್ಲ.

ಇಂತಿ,
ಬೆಂಗಳೂರು ದಕ್ಷಿಣ ಜಿಲ್ಲೆಯ (ತಾಲೂಕಿನ ಅಲ್ಲ, ಲೋಕಸಭಾ ಕ್ಷೇತ್ರದ ಅಲ್ಲ)
ಒಬ್ಬ ರೇಷ್ಮೆ ಬೆಳೆಗಾರ